ಹನ್ನೆರಡು ಸಾವಿರ ಫಾರಂ, ಇನ್ನೂರರ ಬೆಲೆ

ಮೂವತ್ತು ಕಾಲೇಜುಗಳಿಗೆ ಹೋಗಿ, ಅಲ್ಲಿ ಓದುವ ಒಬ್ಬರನ್ನೂ ಬಿಡದೆ ಮಾತಾಡಿಸಿ, 12,000 ಫಾರಂ ತುಂಬಿಸಿಕೊಂಡು ಬಂದ ಸಮೀಕ್ಷೆಯೊಂದಿದೆ ಎನ್ನಿ. ಇನ್ನೊಂದು ಸಮೀಕ್ಷೆಯವರು ರಾಜ್ಯದ ಅಷ್ಟೂ ವಿದ್ಯಾರ್ಥಿಗಳ ಹೆಸರಿನಲ್ಲಿ ಚೀಟಿ ಎತ್ತಿ, ಬಂದ 200 ಮಂದಿಯನ್ನಷ್ಟೇ ಕೇಳಿದ್ದಾರೆ. ಇಡೀ ರಾಜ್ಯದ ಬಗ್ಗೆ ಯಾವುದರ ಮಾತನ್ನು ಹೆಚ್ಚು ನಂಬಬಹುದು? ಕೆಲವು ಪ್ರಶ್ನೆಗಳ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕೇಳಿದವರಿಗೆ ಇದು ತಮಾಷೆ ಅನ್ನಿಸುತ್ತದೆ. ಫಾರಂ ತುಂಬಿಸಿದವರಿಗೆ ಸಿಟ್ಟೇ ಬರುತ್ತದೆ. ಆದರೆ ಲೆಕ್ಕ ಹಾಗೇ ಇದೆ.

ಕರ್ನಾಟಕವನ್ನೇ ತೆಗೆದುಕೊಳ್ಳೋಣ. ಕೇಂದ್ರ ಸರ್ಕಾರ 2010-11ರಿಂದ ನಡೆಸುತ್ತಿರುವ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ನಮ್ಮಲ್ಲಿರುವ ಕಾಲೇಜುಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಇಷ್ಟು ಕಾಲೇಜುಗಳ ರಾಜ್ಯದಲ್ಲಿ ಒಂದು ಸಾದಾ ಪ್ರಶ್ನೆ ಕೇಳಬೇಕಾಗಿದೆ: ಪದವಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಮನೆಯಿಂದ ಕಾಲೇಜು ಸೇರಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು? ಬಸ್ಸಿನ ಪಾಸು, ಹಾಸ್ಟೆಲ್ಲು, ಬೆಳಗಿನ ತರಗತಿಯ ಹಾಜರಿ ಎಲ್ಲಕ್ಕೂ ಈ ಉತ್ತರ ಬೇಕು.

ಲೆಕ್ಕ ಹಗುರವಾಗಲಿ ಎಂದು ಸಂಖ್ಯೆಗಳನ್ನು ನಾನೇ ಕಲ್ಪಿಸಿಕೊಳ್ಳುತ್ತೇನೆ. ರಾಜ್ಯದಲ್ಲಿ 1,000 ಪದವಿ ಕಾಲೇಜುಗಳು, 4 ಲಕ್ಷ ವಿದ್ಯಾರ್ಥಿಗಳು. ಸರ್ಕಾರಿ ಕಾಲೇಜುಗಳಲ್ಲಿ 1,60,000, ಅನುದಾನಿತ ಕಾಲೇಜುಗಳಲ್ಲಿ 1,20,000, ಅನುದಾನರಹಿತ ಖಾಸಗಿ ಕಾಲೇಜುಗಳಲ್ಲಿ 1,20,000. ಒಂದು ಗಂಟೆ ಮೀರಿ ಪ್ರಯಾಣ ಮಾಡುವವರು ಸರ್ಕಾರಿ ಕಾಲೇಜುಗಳಲ್ಲಿ ಶೇ. 50, ಅನುದಾನಿತದಲ್ಲಿ ಶೇ. 30, ಖಾಸಗಿಯಲ್ಲಿ ಶೇ. 20. ಎಲ್ಲ ಸೇರಿಸಿದರೆ ರಾಜ್ಯಕ್ಕೆ ಶೇ. 35. ಈ ಸತ್ಯ ನಮಗೆ ಗೊತ್ತು, ಸಮೀಕ್ಷೆ ಮಾಡುವವರಿಗೆ ಗೊತ್ತಿಲ್ಲ. ಅವರ ಕೈಲಿರುವ ದುಡ್ಡಿಗೆ 1,200 ವಿದ್ಯಾರ್ಥಿಗಳನ್ನು ಮಾತಾಡಿಸಬಹುದು. ಆ 1,200 ಮಂದಿಯನ್ನು ಹೇಗೆ ಆರಿಸುತ್ತಾರೆ ಎಂಬುದೇ ನಮ್ಮ ಕಥೆ.

ಮೊದಲನೆಯದು ಸರಳ ಯಾದೃಚ್ಛಿಕ ಮಾದರಿ. ನಾಲ್ಕು ಲಕ್ಷ ಹೆಸರುಗಳ ಒಂದೇ ಪಟ್ಟಿ, ಪ್ರತಿ ಹೆಸರಿಗೂ ಒಂದು ಕ್ರಮಸಂಖ್ಯೆ, ಅದರಿಂದ 1,200 ಸಂಖ್ಯೆಗಳ ಲಾಟರಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಹೀಗೆ ಆರಿಸಿದರೆ ಬರುವ ಉತ್ತರ ನಿಜವಾದ ಶೇ. 35ರಿಂದ ಆ ಕಡೆ ಈ ಕಡೆ 2.7 ಅಂಶದೊಳಗೆ ಇರುತ್ತದೆ, ನೂರಕ್ಕೆ ತೊಂಬತ್ತೈದು ಸಲ. ಸಮೀಕ್ಷೆಯವರು ಇದನ್ನು ತಪ್ಪಿನ ಮಿತಿ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಸಮೀಕ್ಷೆಯ ಸುದ್ದಿಯ ಕೊನೆಗೆ ಚಿಕ್ಕ ಅಕ್ಷರದಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಈ ಸರಳ ವಿಧಾನದ ಸೂತ್ರದಿಂದಲೇ ಬಂದಿರುತ್ತದೆ, ಆರಿಸಿದ್ದು ಬೇರೆ ರೀತಿಯಲ್ಲಿದ್ದರೂ.

ಕಾಗದದ ಮೇಲೆ ಇದಕ್ಕಿಂತ ಶುದ್ಧವಾದ ವಿಧಾನವಿಲ್ಲ. ತೊಡಕು ಎರಡು. ನಾಲ್ಕು ಲಕ್ಷ ಹೆಸರುಗಳ ಪಟ್ಟಿ ಸಮೀಕ್ಷೆಯವರ ಕೈಗೆ ಸಿಗುವುದಿಲ್ಲ. ಪ್ರವೇಶಾತಿ ಈಗ ಆನ್‌ಲೈನ್ ಆಗಿದ್ದರೂ ವಿದ್ಯಾರ್ಥಿಗಳ ಹೆಸರು, ವಿಳಾಸಗಳನ್ನು ಕೇಳಿದವರಿಗೆಲ್ಲ ಕೊಡಲಾಗದು, ಕೊಡಲೂಬಾರದು. ಮೇಲಾಗಿ ಪ್ರವೇಶ ಪಡೆದು ಎರಡನೇ ತಿಂಗಳಿಗೇ ಬಿಟ್ಟವರ ಹೆಸರೂ ಅದರಲ್ಲಿ ಇರುತ್ತದೆ. ಪಟ್ಟಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಸಾವಿರ ಕಾಲೇಜುಗಳ ಮೇಲೆ 1,200 ಹೆಸರು ಚೆಲ್ಲಿದರೆ ಸುಮಾರು 700 ಕಾಲೇಜುಗಳಿಗೆ ಹೋಗಲೇಬೇಕಾಗುತ್ತದೆ. ಔರಾದಿನ ಒಂದು ಕಾಲೇಜಿನಲ್ಲಿ ಒಬ್ಬಳು, ಸುಳ್ಯದ ಇನ್ನೊಂದರಲ್ಲಿ ಇಬ್ಬರು. ಪ್ರಾಂಶುಪಾಲರ ಒಪ್ಪಿಗೆ ಪತ್ರ, ಬಸ್ಸು, ಲಾಡ್ಜು ಎಲ್ಲವೂ ಆ ಒಬ್ಬಳಿಗಾಗಿ. ದುಡ್ಡೆಲ್ಲ ದಾರಿಯಲ್ಲೇ ಖರ್ಚು.

ಎರಡನೆಯದು ಸ್ತರಿತ ಮಾದರಿ. ಲಾಟರಿಗೆ ಮೊದಲೇ ವಿದ್ಯಾರ್ಥಿಗಳನ್ನು ಸರ್ಕಾರಿ, ಅನುದಾನಿತ, ಖಾಸಗಿ ಎಂದು ಮೂರು ಸ್ತರ ಮಾಡುವುದು, ಪ್ರತಿ ಸ್ತರದಲ್ಲೂ ಪ್ರತ್ಯೇಕ ಲಾಟರಿ ಎತ್ತುವುದು. ಜನಬಲಕ್ಕೆ ತಕ್ಕಂತೆ ಹಂಚಿದರೆ 480, 360, 360. ಸರ್ಕಾರಿ ಕಾಲೇಜಿನವರು ಅಕಸ್ಮಾತ್ತಾಗಿ ಹೆಚ್ಚು ಬಂದುಬಿಟ್ಟರು, ಖಾಸಗಿಯವರು ಕಡಿಮೆಯಾದರು ಎಂಬ ಆಕಸ್ಮಿಕ ಇಲ್ಲಿ ಇಲ್ಲ. ಪಠ್ಯಪುಸ್ತಕಗಳಲ್ಲಿ ಇದರ ಹೊಗಳಿಕೆ ಧಾರಾಳ. ಹಾಗಾದರೆ ತಪ್ಪಿನ ಮಿತಿ ಎಷ್ಟು ಇಳಿಯಿತು? 2.7ರಿಂದ 2.6ಕ್ಕೆ.

ಅಷ್ಟೇ. ಶೇ. 50, 30, 20 ಎಂಬ ಸಣ್ಣದಲ್ಲದ ವ್ಯತ್ಯಾಸವಿದ್ದೂ ಲಾಭ ಇಷ್ಟೇ. ಸರ್ಕಾರಿ ಕಾಲೇಜುಗಳ ಒಳಗೇ ಅರ್ಧ ಜನ ಹೌದು ಎನ್ನುತ್ತಾರೆ, ಅರ್ಧ ಜನ ಅಲ್ಲ ಎನ್ನುತ್ತಾರೆ. ಆ ಒಳಗಿನ ಏರುಪೇರನ್ನು ಸ್ತರ ಮಾಡುವುದರಿಂದ ಅಳಿಸಲಾಗುವುದಿಲ್ಲ. ಅಳಿಸಬಹುದಾದದ್ದು ಸ್ತರಸ್ತರಗಳ ನಡುವಿನ ಏರುಪೇರು ಮಾತ್ರ, ಅದು ಒಟ್ಟಿನಲ್ಲಿ ನೂರಕ್ಕೆ ಏಳು ಪಾಲು. ಹೌದು–ಅಲ್ಲ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ.

ಸ್ತರದ ನಿಜವಾದ ಉಪಯೋಗ ಬೇರೆ ಕಡೆ ಇದೆ. ಸಂಜೆ ಕಾಲೇಜುಗಳ ವಿದ್ಯಾರ್ಥಿಗಳು ಒಟ್ಟಿನಲ್ಲಿ ಶೇ. 2 ಇದ್ದಾರೆ ಎನ್ನಿ. ಸಾದಾ ಲಾಟರಿಯಲ್ಲಿ 1,200ಕ್ಕೆ ಸುಮಾರು 24 ಮಂದಿ ಬರುತ್ತಾರೆ. 24 ಮಂದಿಯ ಮೇಲೆ ಯಾವ ಮಾತೂ ನಿಲ್ಲುವುದಿಲ್ಲ. ಅವರನ್ನೇ ಒಂದು ಸ್ತರ ಮಾಡಿದರೆ ಬೇಕೆಂದೇ 200 ಮಂದಿಯನ್ನು ತೆಗೆದುಕೊಳ್ಳಬಹುದು. ಹಾಗೆ ಪಾಲು ಹೆಚ್ಚಿಸಿದ ಮೇಲೆ ರಾಜ್ಯದ ಸರಾಸರಿ ತೆಗೆಯುವಾಗ ಅವರ ತೂಕವನ್ನು ಮತ್ತೆ ಶೇ. 2ಕ್ಕೆ ಇಳಿಸಬೇಕು. ಇದನ್ನು ಮರೆಯುವವರು ಬಹಳ. ನಮ್ಮ ಮೂರು ಸ್ತರಗಳಿಂದ ಸಮಸಮವಾಗಿ 400ರಂತೆ ತೆಗೆದು ಸುಮ್ಮನೆ ಕೂಡಿ ಭಾಗಿಸಿದರೆ ಉತ್ತರ ಶೇ. 33.3 ಬರುತ್ತದೆ, 40, 30, 30ರ ತೂಕ ಕೊಟ್ಟರೆ ಶೇ. 35. ತೂಕ ಬಿಟ್ಟುಹೋದ ತಪ್ಪನ್ನು ಸ್ಯಾಂಪಲ್ ದೊಡ್ಡದು ಮಾಡಿ ಸರಿಪಡಿಸಲಾಗದು. ಲಕ್ಷ ಮಂದಿಯನ್ನು ಕೇಳಿದರೂ ಅದೇ 33.3.

ಸ್ತರ ಮಾಡಿದರೂ ದಾರಿಯ ಖರ್ಚು ಹಾಗೇ ಉಳಿಯಿತು. ಪ್ರತಿ ಸ್ತರದಲ್ಲೂ ಪೂರ್ತಿ ಪಟ್ಟಿ ಬೇಕು, ಊರೂರು ಸುತ್ತಲೇಬೇಕು. ಹೀಗಾಗಿ ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಮೂರನೆಯದರ ಮುಂದೆ: ಗುಚ್ಛ ಮಾದರಿ. ಇಲ್ಲಿ ಲಾಟರಿ ಎತ್ತುವುದು ವಿದ್ಯಾರ್ಥಿಗಳನ್ನಲ್ಲ, ಕಾಲೇಜುಗಳನ್ನು. ಸಾವಿರ ಕಾಲೇಜುಗಳ ಪಟ್ಟಿ ಯಾರಿಗೂ ಸಿಗುತ್ತದೆ. ಅದರಲ್ಲಿ 30 ಆರಿಸಿ, ಅಲ್ಲಿರುವ ಎಲ್ಲರನ್ನೂ ಕೇಳಿದರೆ ಅದು ಶುದ್ಧ ಗುಚ್ಛ ಮಾದರಿ. ಪ್ರತಿ ಕಾಲೇಜಿನಲ್ಲಿ ಮತ್ತೆ ಲಾಟರಿ ಎತ್ತಿ 40 ಮಂದಿಯನ್ನು ಮಾತ್ರ ಕೇಳಿದರೆ ಎರಡು ಹಂತದ ಮಾದರಿ. ಮೂವತ್ತು ನಲವತ್ತಲೆ 1,200. ಸಂಖ್ಯೆ ಅದೇ, ಖರ್ಚು ಎಷ್ಟೋ ಕಡಿಮೆ. ಆದರೆ ತಪ್ಪಿನ ಮಿತಿ 7 ದಾಟುತ್ತದೆ.

ಯಾಕೆ? ಒಂದು ಕಾಲೇಜಿನ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಹೋಲುತ್ತಾರೆ. ತಾಲ್ಲೂಕು ಕೇಂದ್ರದ ಹೊರಗೆ, ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ ಕಟ್ಟಿದ ಸರ್ಕಾರಿ ಕಾಲೇಜಿಗೆ ಬರುವವರೆಲ್ಲ ಅದೇ ನಾಲ್ಕು ಬಸ್ಸು ಕಾಯುವವರು. ಅವರಲ್ಲಿ ಹತ್ತು ಮಂದಿಯನ್ನು ಕೇಳುವಷ್ಟರಲ್ಲಿ ಆ ಕಾಲೇಜಿನ ಸ್ಥಿತಿ ತಿಳಿದುಹೋಗುತ್ತದೆ. ಹನ್ನೊಂದನೆಯವನು ಹೊಸದಾಗಿ ಹೇಳುವುದು ಸ್ವಲ್ಪ, ನಲವತ್ತನೆಯವಳು ಹೇಳುವುದು ಇನ್ನೂ ಸ್ವಲ್ಪ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತೇವಲ್ಲ, ಅದು ಒಂದೇ ಪಾತ್ರೆಗೆ ಹೇಳಿದ ಮಾತು. ಬೇರೆ ಬೇರೆ ಒಲೆಗಳ ಮೇಲೆ ಸಾವಿರ ಪಾತ್ರೆಗಳಿರುವಾಗ ಒಂದರಲ್ಲೇ ನಲವತ್ತು ಅಗುಳು ಹಿಚುಕುತ್ತ ಕೂತರೆ ಉಳಿದ ಪಾತ್ರೆಗಳ ಸಂಗತಿ ತಿಳಿಯುವುದಿಲ್ಲ.

ಈ ಹೋಲಿಕೆಗೆ ಒಂದು ಅಂಕಿ ಇದೆ. ಒಂದೇ ಕಾಲೇಜಿನ ಇಬ್ಬರ ಉತ್ತರಗಳು ರಾಜ್ಯದ ಯಾವುದೋ ಇಬ್ಬರ ಉತ್ತರಗಳಿಗಿಂತ ಹೆಚ್ಚೇನೂ ಹೊಂದುವುದಿಲ್ಲ ಎಂದಾದರೆ ಅದು ಸೊನ್ನೆ. ಒಂದು ಕಾಲೇಜಿನವರೆಲ್ಲ ಒಂದೇ ಉತ್ತರ ಕೊಡುತ್ತಾರೆ ಎಂದಾದರೆ ಒಂದು. ನಮ್ಮ ಪ್ರಯಾಣದ ಪ್ರಶ್ನೆಗೆ 0.15 ಎಂದಿಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ನೆಲೆಸಿದ್ದ ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1965ರ ತಮ್ಮ ಪುಸ್ತಕದಲ್ಲಿ ಚಾಲ್ತಿಗೆ ತಂದ ಲೆಕ್ಕ ಸುಲಭದ್ದು: ಒಂದು ಕಾಲೇಜಿನಲ್ಲಿ ಕೇಳಿದವರ ಸಂಖ್ಯೆಯಿಂದ ಒಂದನ್ನು ಕಳೆಯಿರಿ, ಹೋಲಿಕೆಯ ಅಂಕಿಯಿಂದ ಗುಣಿಸಿ, ಒಂದನ್ನು ಕೂಡಿಸಿ. ನಲವತ್ತು ಮಂದಿಗೆ 39ನ್ನು 0.15ರಿಂದ ಗುಣಿಸಿ ಒಂದು ಕೂಡಿಸಿದರೆ 6.85. ಅಂದರೆ ನಮ್ಮ 1,200 ಫಾರಂಗಳ ಬೆಲೆ 6.85ರಲ್ಲಿ ಒಂದು ಭಾಗ, ಸುಮಾರು 175. ಸಾದಾ ಲಾಟರಿಯಲ್ಲಿ ಆರಿಸಿದ 175 ವಿದ್ಯಾರ್ಥಿಗಳು ಎಷ್ಟು ತಿಳಿಸುತ್ತಿದ್ದರೋ ಅಷ್ಟನ್ನೇ ಈ 1,200 ಮಂದಿ ತಿಳಿಸುತ್ತಾರೆ.

ಪ್ರತಿ ಕಾಲೇಜಿನಲ್ಲಿ 40ರ ಬದಲು 20 ಮಂದಿಯನ್ನೇ ಕೇಳಿದ್ದರೆ? ಫಾರಂ 600, ಬೆಲೆ 156. ಇನ್ನೂ 600 ಮಂದಿಯನ್ನು ಮಾತಾಡಿಸಿ ಗಳಿಸಿದ್ದು ಹತ್ತೊಂಬತ್ತು ಮಂದಿಯಷ್ಟು ಮಾಹಿತಿ. ಹಟ ಹಿಡಿದು ಮೂವತ್ತೂ ಕಾಲೇಜುಗಳ ಅಷ್ಟೂ ವಿದ್ಯಾರ್ಥಿಗಳನ್ನು, ಕಾಲೇಜಿಗೆ ಸರಾಸರಿ 400ರಂತೆ 12,000 ಮಂದಿಯನ್ನು ಕೇಳಿದರೂ ಬೆಲೆ 197ಕ್ಕೆ ನಿಲ್ಲುತ್ತದೆ. ಮೂವತ್ತನ್ನು 0.15ರಿಂದ ಭಾಗಿಸಿದರೆ 200, ಅದು ಗಡಿ. ಕಾಲೇಜುಗಳ ಸಂಖ್ಯೆ ಮೂವತ್ತೇ ಇರುವ ತನಕ ಆ ಗಡಿ ದಾಟುವಂತಿಲ್ಲ.

ಅದೇ 1,200 ಫಾರಂಗಳನ್ನು 60 ಕಾಲೇಜುಗಳಲ್ಲಿ ಇಪ್ಪತ್ತಿಪ್ಪತ್ತರಂತೆ ಹಂಚಿದರೆ ಬೆಲೆ 312ಕ್ಕೆ ಏರುತ್ತದೆ, ತಪ್ಪಿನ ಮಿತಿ 5.3ಕ್ಕೆ ಇಳಿಯುತ್ತದೆ. ಎಷ್ಟು ಕಾಲೇಜು, ಕಾಲೇಜಿಗೆ ಎಷ್ಟು ಮಂದಿ ಎಂಬುದು ಪ್ರಯಾಣದ ಖರ್ಚಿಗೂ ಮಾಹಿತಿಗೂ ನಡುವಿನ ಚೌಕಾಸಿ. ಈ ಚೌಕಾಸಿಯನ್ನು ಶಾಸ್ತ್ರವಾಗಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮವರೇ ಆದ ಪ್ರಶಾಂತಚಂದ್ರ ಮಹಲನೋಬಿಸ್. 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣ ಅಂದಾಜು ಮಾಡುವಾಗ, ತುಂಡು ಭೂಮಿ ಎಷ್ಟು ದೊಡ್ಡದಿರಬೇಕು, ಒಟ್ಟು ಎಷ್ಟು ತುಂಡು ಬೇಕು, ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದೆಲ್ಲ ಸಣ್ಣ ಪೂರ್ವ ಸಮೀಕ್ಷೆ ನಡೆಸಿಯೇ ಅವರು ತೀರ್ಮಾನಿಸುತ್ತಿದ್ದರು. ನಮ್ಮ 0.15ರಂಥ ಅಂಕಿಯೂ ಹಾಗೆ ಪೂರ್ವ ಸಮೀಕ್ಷೆಯಿಂದಲೇ ಬರಬೇಕು. ಅದು ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ: ಪ್ರಯಾಣದ ಸಮಯ, ಶುಲ್ಕ, ಮಾಧ್ಯಮಗಳಿಗೆ ಹೆಚ್ಚು, ಕನ್ನಡಕ ಹಾಕುತ್ತೀರಾ ಎಂಬಂಥ ಪ್ರಶ್ನೆಗೆ ಬಹಳ ಕಡಿಮೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸ್ತರವೂ ಗುಂಪೇ, ಗುಚ್ಛವೂ ಗುಂಪೇ. ಆದರೆ ಎರಡಕ್ಕೆ ಬೇಕಾದ ಗುಣ ತದ್ವಿರುದ್ಧ. ಸ್ತರದೊಳಗೆ ಎಲ್ಲರೂ ಒಂದೇ ಥರ ಇದ್ದಷ್ಟೂ ಲಾಭ, ಏಕೆಂದರೆ ಎಲ್ಲ ಸ್ತರಗಳಿಗೂ ನಾವು ಹೋಗುತ್ತೇವೆ. ಗುಚ್ಛದೊಳಗೆ ಎಲ್ಲರೂ ಒಂದೇ ಥರ ಇದ್ದಷ್ಟೂ ನಷ್ಟ, ಏಕೆಂದರೆ ಕೆಲವು ಗುಚ್ಛಗಳಿಗೆ ಮಾತ್ರ ಹೋಗುತ್ತೇವೆ. ಹಾಗಾದರೆ ಎರಡನ್ನೂ ಸೇರಿಸಿದರೆ ಏನಾಗುತ್ತದೆ?

ಕಾಲೇಜುಗಳನ್ನೇ ಮೂರು ಸ್ತರ ಮಾಡಿ, ಜನಬಲಕ್ಕೆ ತಕ್ಕಂತೆ 24 ಸರ್ಕಾರಿ, 18 ಅನುದಾನಿತ, 18 ಖಾಸಗಿ ಎಂದು ಅರುವತ್ತನ್ನೂ ಪ್ರತ್ಯೇಕವಾಗಿ ಆರಿಸೋಣ. ಕಾಲೇಜಿಗೆ ಇಪ್ಪತ್ತೇ ಮಂದಿ. ಈಗ ತಪ್ಪಿನ ಮಿತಿ 5.3ರಿಂದ 4.2ಕ್ಕೆ ಬರುತ್ತದೆ, 1,200 ಫಾರಂಗಳ ಬೆಲೆ 312ರಿಂದ 500ರ ಹತ್ತಿರಕ್ಕೆ. ವಿದ್ಯಾರ್ಥಿಗಳನ್ನು ನೇರವಾಗಿ ಆರಿಸುವಾಗ ಅದೇ ಸ್ತರಗಳು ಕೊಟ್ಟ ಲಾಭ ನೂರಕ್ಕೆ ಏಳು. ಕಾಲೇಜುಗಳನ್ನು ಆರಿಸುವಾಗ ಕೊಟ್ಟದ್ದು ನೂರಕ್ಕೆ ಅರುವತ್ತು. ಕಾಲೇಜು ಕಾಲೇಜಿನ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ಸರ್ಕಾರಿಯೋ ಖಾಸಗಿಯೋ ಎಂಬುದರಿಂದಲೇ ಬಂದದ್ದು. ಆ ಅರ್ಧವನ್ನು ಆಕಸ್ಮಿಕಕ್ಕೆ ಬಿಡದೆ ಮೊದಲೇ ಕಟ್ಟಿಹಾಕಿದೆವು. ಮೂರರಲ್ಲಿ ಯಾವುದು ಒಳ್ಳೆಯದು ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಕ್ಷೇತ್ರಕ್ಕೆ ಇಳಿಯುವವರು ಒಂದನ್ನೇ ಆರಿಸಿಕೊಳ್ಳುವುದು ಅಪರೂಪ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಮೊದಲು ಸ್ತರ, ಅದರೊಳಗೆ ಹಳ್ಳಿ ಅಥವಾ ನಗರದ ಬ್ಲಾಕು, ಅದರೊಳಗೆ ಮನೆ ಎಂಬ ದಾರಿಯಲ್ಲೇ ಬಂದಿದೆ.

ಆದರೆ ಕಾಲೇಜುಗಳ ಲಾಟರಿಯಲ್ಲಿ ಒಂದು ಗುಂಡಿ ಇದೆ, ಕಣ್ಣಿಗೆ ಕಾಣದಂಥದ್ದು. ಕಾಲೇಜುಗಳೆಲ್ಲ ಒಂದೇ ಗಾತ್ರದವಲ್ಲ. 100 ವಿದ್ಯಾರ್ಥಿಗಳ ಕಾಲೇಜಿಗೂ 2,000 ವಿದ್ಯಾರ್ಥಿಗಳ ಕಾಲೇಜಿಗೂ ಸಮಾನ ಅವಕಾಶ ಕೊಟ್ಟು, ಎರಡರಲ್ಲೂ 20 ಮಂದಿಯನ್ನೇ ಕೇಳಿದರೆ, ಚಿಕ್ಕ ಕಾಲೇಜಿನ ಹುಡುಗಿಗೆ ಆಯ್ಕೆಯಾಗುವ ಅವಕಾಶ ದೊಡ್ಡ ಕಾಲೇಜಿನವಳಿಗಿಂತ ಇಪ್ಪತ್ತು ಪಟ್ಟು. ದೂರದ ಊರುಗಳ ಚಿಕ್ಕ ಕಾಲೇಜುಗಳು ಉತ್ತರವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

ಇದಕ್ಕೆ 1943ರಲ್ಲಿ ಹ್ಯಾನ್ಸೆನ್ ಮತ್ತು ಹರ್ವಿಟ್ಜ್ ಎಂಬ ಇಬ್ಬರು ಅಮೆರಿಕನ್ನರು ತೋರಿಸಿದ ಉಪಾಯ, ಕಾಲೇಜಿಗೆ ಅದರ ಗಾತ್ರಕ್ಕೆ ತಕ್ಕ ಅವಕಾಶ ಕೊಡುವುದು. ಮಾಡುವ ರೀತಿ ಹೀಗೆ. ಒಂದು ಸ್ತರದ ಕಾಲೇಜುಗಳನ್ನು ಸಾಲಾಗಿ ಬರೆದು, ವಿದ್ಯಾರ್ಥಿಗಳ ಸಂಖ್ಯೆಯನ್ನು ಕೂಡಿಸುತ್ತ ಹೋಗಿ: ಮೊದಲನೆಯದರಲ್ಲಿ 340 ಇದ್ದರೆ 340, ಎರಡನೆಯದರಲ್ಲಿ 1,100 ಇದ್ದರೆ 1,440, ಮೂರನೆಯದರಲ್ಲಿ 95 ಇದ್ದರೆ 1,535. ಸರ್ಕಾರಿ ಸ್ತರದಲ್ಲಿ ಕೊನೆಯ ಮೊತ್ತ 1,60,000. ಅದನ್ನು 24ರಿಂದ ಭಾಗಿಸಿದರೆ ಸುಮಾರು 6,667. ಒಂದರಿಂದ 6,667ರೊಳಗೆ ಒಂದು ಸಂಖ್ಯೆಯನ್ನು ಲಾಟರಿಯಿಂದ ತೆಗೆಯಿರಿ, 1,210 ಬಂತೆನ್ನಿ. ಅದು ಬೀಳುವುದು ಎರಡನೇ ಕಾಲೇಜಿನಲ್ಲಿ, ಅದು ಆಯ್ಕೆಯಾಯಿತು. ಅಲ್ಲಿಂದ 6,667ರಂತೆ ಹೆಜ್ಜೆ ಹಾಕುತ್ತ ಹೋದರೆ 24 ಕಾಲೇಜುಗಳು ಸಿಗುತ್ತವೆ. ದೊಡ್ಡ ಕಾಲೇಜು ಹೆಚ್ಚು ಜಾಗ ಹಿಡಿದಿರುವುದರಿಂದ ಹೆಜ್ಜೆ ಅದರ ಮೇಲೆ ಬೀಳುವ ಅವಕಾಶ ಹೆಚ್ಚು, ಆದರೆ ಒಳಗೆ ಹೋದ ಮೇಲೆ 2,000ದಲ್ಲಿ 20 ಮಂದಿಯಲ್ಲಿ ಒಬ್ಬಳಾಗುವ ಅವಕಾಶ ಕಡಿಮೆ. ಎರಡೂ ಸರಿದೂಗಿ ಚಿಕ್ಕ ಕಾಲೇಜಿನವಳಿಗೂ ದೊಡ್ಡ ಕಾಲೇಜಿನವಳಿಗೂ ಒಂದೇ ಅವಕಾಶ ಉಳಿಯುತ್ತದೆ: ಸಾವಿರಕ್ಕೆ ಮೂರು.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ ಮೇಲೆ ಕೆಲಸ ಕೆಡುವುದು ಕಾಲೇಜಿನ ಕಚೇರಿಯಲ್ಲಿ. 'ಇಪ್ಪತ್ತು ಮಕ್ಕಳು ಬೇಕಿತ್ತು ಸರ್' ಎಂದರೆ ಪ್ರಾಂಶುಪಾಲರು ಚೆನ್ನಾಗಿ ಮಾತಾಡುವ ಇಪ್ಪತ್ತು ಮಂದಿಯನ್ನು ಕರೆಸಿ ಕೂರಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಹಾಗೆ ಮಾಡಿದರೆ ಲಾಟರಿ ಕಾಲೇಜಿನ ಗೇಟಿನಲ್ಲೇ ಮುಗಿಯಿತು. ಹಾಜರಿ ಪುಸ್ತಕಗಳನ್ನೇ ಕೇಳಿ ಪಡೆದು, ಎಲ್ಲ ಸೆಕ್ಷನ್ನುಗಳ ಹೆಸರುಗಳಿಗೂ ಒಂದೇ ಸರಣಿಯಲ್ಲಿ ಸಂಖ್ಯೆ ಹಾಕಿ, ಅಲ್ಲೇ ಲಾಟರಿ ಎತ್ತಬೇಕು. ಬಂದ ಹೆಸರು ಅಂದು ಗೈರುಹಾಜರಾದರೆ ಪಕ್ಕದವರನ್ನು ಕೂರಿಸಿಕೊಳ್ಳಬಾರದು, ಇನ್ನೊಂದು ಸಲ ಹೋಗಬೇಕು. ನಮ್ಮ ಪ್ರಶ್ನೆಯ ಮಟ್ಟಿಗೆ ಇದು ಸಣ್ಣ ವಿಷಯವೇ ಅಲ್ಲ. ಮೊದಲ ತರಗತಿಗೆ ತಪ್ಪುವವರು, ಮೂರೂವರೆಯ ಬಸ್ಸಿಗೆ ಓಡುವವರು, ಬಸ್ಸು ಬರಲಿಲ್ಲವೆಂದು ಮನೆಯಲ್ಲೇ ಉಳಿಯುವವರು ಯಾರು? ನಾವು ಎಣಿಸಲು ಹೊರಟಿರುವವರೇ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಿಕ್ಕವರನ್ನು ಮಾತಾಡಿಸಿದರೆ ಶೇ. 35 ಎಂಬುದು ಸಲೀಸಾಗಿ ಇನ್ನೂ ಕೆಳಗೆ ಕಾಣುತ್ತದೆ, ತಪ್ಪಿನ ಮಿತಿಯ ಯಾವ ಸೂತ್ರವೂ ಅದನ್ನು ಹಿಡಿಯುವುದಿಲ್ಲ. ವಾಟ್ಸಾಪ್ ಗುಂಪುಗಳಿಗೆ ಲಿಂಕು ಹಾಕಿ ಬಂದಷ್ಟು ಉತ್ತರಗಳನ್ನು ಎಣಿಸುವುದಂತೂ ಮೂರರಲ್ಲಿ ಯಾವುದೂ ಅಲ್ಲ.

ಸಿದ್ಧ ವರದಿಯನ್ನು ಓದುವವರು ಮೊದಲು ನೋಡಬೇಕಾದದ್ದು ವಿದ್ಯಾರ್ಥಿಗಳ ಸಂಖ್ಯೆಯನ್ನಲ್ಲ, ಕಾಲೇಜುಗಳ ಸಂಖ್ಯೆಯನ್ನು. ಮೂವತ್ತು ಕಾಲೇಜು, 1,200 ವಿದ್ಯಾರ್ಥಿಗಳು ಎಂದು ಬರೆದು ಪಕ್ಕದಲ್ಲಿ ತಪ್ಪಿನ ಮಿತಿ 2.7 ಎಂದು ಹಾಕಿದ್ದರೆ, ಗುಚ್ಛವನ್ನು ಆರಿಸಿ ಸರಳ ಲಾಟರಿಯ ಸೂತ್ರ ಬಳಸಿದ್ದಾರೆ ಎಂದೇ ಅರ್ಥ.

ನಮ್ಮ ಅರುವತ್ತು ಕಾಲೇಜುಗಳ ಯೋಜನೆಯೂ ಎಲ್ಲ ಪ್ರಶ್ನೆಗಳಿಗೆ ಸಾಲುವುದಿಲ್ಲ. 4.2 ಎಂಬ ಮಿತಿ ಇಡೀ ರಾಜ್ಯದ ಅಂಕಿಗೆ ಮಾತ್ರ. ಅನುದಾನಿತ ಕಾಲೇಜುಗಳನ್ನಷ್ಟೇ ತೆಗೆದುಕೊಂಡರೆ ಉಳಿಯುವುದು 18 ಕಾಲೇಜು, 360 ವಿದ್ಯಾರ್ಥಿಗಳು, ಮಿತಿ 7.6ಕ್ಕೆ ಏರುತ್ತದೆ. ಅನುದಾನಿತದಲ್ಲಿ ಶೇ. 30, ಖಾಸಗಿಯಲ್ಲಿ ಶೇ. 20 ಎಂದು ಹೋಲಿಸಹೊರಟರೆ ವ್ಯತ್ಯಾಸ ಹತ್ತು ಅಂಶ, ಆ ವ್ಯತ್ಯಾಸದ ತಪ್ಪಿನ ಮಿತಿಯೂ ಹತ್ತು ಅಂಶ. ನಿಜವಾಗಿ ಇರುವ ಅಂತರ ಈ ಸಮೀಕ್ಷೆಯಲ್ಲಿ ಕಂಡರೂ ಕಾಣಬಹುದು, ಕಾಣದೆಯೂ ಹೋಗಬಹುದು. ಆ ಹೋಲಿಕೆಯೇ ಮುಖ್ಯವಾಗಿದ್ದರೆ ಸರ್ಕಾರಿ ಸ್ತರದಿಂದ ಕೆಲವನ್ನು ಕಡಿಮೆ ಮಾಡಿ ಈ ಎರಡು ಸ್ತರಗಳಿಗೆ ಕೊಡಬೇಕು, ಇಪ್ಪತ್ತರ ಬದಲು ಹತ್ತು ಹತ್ತು ಮಂದಿಯನ್ನು ಕೇಳಿ ಕಾಲೇಜುಗಳನ್ನು ಹೆಚ್ಚಿಸಬೇಕು, ಕೊನೆಯಲ್ಲಿ ತೂಕ ಹಾಕುವುದನ್ನು ಮರೆಯಬಾರದು. ಇದೆಲ್ಲ ಮೊದಲ ಬಸ್ಸು ಹತ್ತುವ ಮುಂಚೆ ಆಗಬೇಕಾದ ಕೆಲಸ. ಫಾರಂಗಳು ವಾಪಸು ಬಂದ ಮೇಲೆ ಕಾಲೇಜುಗಳ ಸಂಖ್ಯೆ ಹೆಚ್ಚಿಸಲು ಬರುವುದಿಲ್ಲ.